ಮಾದಪ್ಪನ ಹೆಸರು ನಮ್ಮ ಮನೆಗೆ ಬಂದ ದಾರಿ

ಪ್ರಶ್ನೆ: ಗಂಡು ಮಗು ಆದರೆ ಮಾದೇಶ ಅಂತ ಹೆಸರಿಡ್ತೀನಿ ಅಂತ ನಮ್ಮತ್ತೆ ಮಾದಪ್ಪನ ಬೆಟ್ಟಕ್ಕೆ ಹರಸಿಕೊಂಡಿದ್ದರಂತೆ. ಈಗ ಇಡಲೇಬೇಕಾ? ಮೈಸೂರು, ಮಂಡ್ಯ ಕಡೆ ಈ ಹೆಸರು ಯಾಕೆ ಇಷ್ಟೊಂದು?

ಮೊದಲು ನಿಮ್ಮತ್ತೆ ಹತ್ತಿರ ಕೂತು, ಹರಸಿಕೊಂಡಾಗ ಬಾಯಲ್ಲಿ ಏನಂದರು ಅಂತ ಸರಿಯಾಗಿ ಕೇಳಿ. 'ನಿನ್ನ ಹೆಸರು ಇಡ್ತೀನಿ' ಅಂದರಾ, 'ನಿನ್ನ ಹೆಸರಲ್ಲೇ ಕರೀತೀನಿ' ಅಂದರಾ, ಇಲ್ಲ 'ನಿನಗೇ ಬಿಡ್ತೀನಿ' ಅಂದರಾ? ನಮ್ಮ ಮನೆಯ ಹಿರಿಯರ ಲೆಕ್ಕದಲ್ಲಿ ಇವು ಮೂರೂ ಬೇರೆ ಬೇರೆ ಹರಕೆ. ಮೊದಲನೆಯದಾದರೆ ಬೆಟ್ಟದಲ್ಲಿ ಮುಡಿ ತೆಗೆಸಿ, ಮಗುವಿನ ಕಿವಿಯಲ್ಲಿ ಆ ಹೆಸರು ಹೇಳಿದರೆ ತೀರಿತು ಅನ್ನುತ್ತಾರೆ. ಎರಡನೆಯದಾದರೆ ಮನೆಯಲ್ಲಿ ಹಾಗೇ ಕರೆಯಬೇಕು. ಮೂರನೆಯದು ಭಾರದ ಮಾತು. ಹಿಂದೆ ಹಾಗೆ ಹರಸಿಕೊಂಡವರು ಮಗನನ್ನು ದೇವರಗುಡ್ಡನಾಗಿ ಬಿಡುತ್ತಿದ್ದರು. ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡುತ್ತಾರಲ್ಲ, ಅವರು. ಅದರ ಮುಂದೆ ಹೆಸರಿನ ಹರಕೆ ತುಂಬಾ ಹಗುರ.

ಆ ಕತೆಯೊಳಗೇ ಇಂಥ ಹರಕೆ ಇದೆ. ಮಕ್ಕಳಿಲ್ಲದ ಸಂಕಮ್ಮನಿಗೆ ಮಾದಪ್ಪ ಅವಳಿ ಮಕ್ಕಳ ವರ ಕೊಡುತ್ತಾನೆ. ಅವರೇ ಕಾರಯ್ಯ, ಬಿಲ್ಲಯ್ಯ. ಮುಂದೆ ಅವರು ಅವನ ಒಕ್ಕಲೇ ಆಗಿಬಿಡುತ್ತಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಈ ಕತೆ ಕೇಳಿದ ಹೆಂಗಸಿಗೆ ಹರಸಿಕೊಳ್ಳುವುದು ಹೇಗೆ ಅಂತ ಇನ್ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಇನ್ನು ಈ ಹೆಸರು ಯಾಕೆ ಇಷ್ಟೊಂದು ಅನ್ನೋದು. ದೇವಸ್ಥಾನ ದೊಡ್ಡದು, ಅದಕ್ಕೆ ಅಂತ ಸುಮ್ನೆ ಹೇಳಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೆಸರನ್ನು ಊರಿಂದೂರಿಗೆ ಹೊತ್ತುಕೊಂಡು ಹೋದವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ.

ನಾವು ಮದ್ದೂರು ತಾಲ್ಲೂಕಿನವರು. ಮನೆದೇವರು ಚುಂಚನಗಿರಿ ಭೈರವ. ಅಜ್ಜನ ಕಾಲದ ತನಕ ಮನೆಯಲ್ಲಿ ಭೈರೇಗೌಡ, ಭೈರಮ್ಮ ಇವೇ ಹೆಸರು. ಅಜ್ಜಿ ಕೊಳ್ಳೇಗಾಲದ ಕಡೆಯಿಂದ ಬಂದವಳು. ಆಗ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ನಮ್ಮ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಂದರೆ ಬೇರೆ ಸೀಮೆಯ ಹೆಣ್ಣು, ಬೇರೆ ಸೀಮೆಯ ದೇವರು. ಅವಳಿಗೆ ಮೊದಲೆರಡು ಮಕ್ಕಳು ಉಳಿಯಲಿಲ್ಲ. ಮೂರನೇ ಸಲ ಬಸುರಿಯಾದಾಗ ತವರಿಗೆ ಹೋಗಿ, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಟ್ಟಳು. ಗಂಡನ ಮನೆದೇವರನ್ನು ಬಿಟ್ಟು ತನ್ನ ತವರಿನ ದೇವರಿಗೇ ಯಾಕೆ ಅಂದರೆ, ಹೆರಿಗೆಗೆ ಹೋಗುವುದು ತವರಿಗೆ, ಭಯ ಹೇಳಿಕೊಳ್ಳುವುದು ಅವ್ವನ ಹತ್ತಿರ. ಅವ್ವನಿಗೆ ಗೊತ್ತಿದ್ದ ದೇವರು ಮಾದಪ್ಪ.

ಮಗು ಉಳಿಯಿತು. ಅವರೇ ನಮ್ಮಪ್ಪ, ಮಾದೇಗೌಡ. ಆಮೇಲೆ ಹುಟ್ಟಿದ ತಮ್ಮ ಚಿಕ್ಕಮಾದ, ತಂಗಿ ಮಾದಮ್ಮ. ಇವರಿಬ್ಬರಿಗೆ ಯಾವ ಹರಕೆಯೂ ಇರಲಿಲ್ಲ, ಒಂದು ಸಲ ಕೈಹಿಡಿದ ಹೆಸರನ್ನು ಬಿಡೋಕೆ ಅಜ್ಜಿಗೆ ಧೈರ್ಯ ಬರಲಿಲ್ಲ ಅಷ್ಟೆ. ಅದೇ ಮನೆಯಲ್ಲಿದ್ದ ವಾರಗಿತ್ತಿ ಅದನ್ನು ನೋಡಿ ತನ್ನ ಮಗನಿಗೂ ಮಹದೇವ ಅಂತ ಇಟ್ಟಳು. ನಮ್ಮಣ್ಣನ ಮಗ ಮಾದೇಶ, ಅದು ತಾತನ ಹೆಸರು. ಮಾದಮ್ಮತ್ತೆಯನ್ನು ಪಾಂಡವಪುರದ ಹತ್ತಿರದ ಹಳ್ಳಿಗೆ ಕೊಟ್ಟೆವು. ಅವರ ಮೊಮ್ಮಗನಿಗೂ ಮಾದೇಶ ಅಂತಲೇ ಇಟ್ಟರು. ಆ ಬೀದಿಯಲ್ಲಿ ಅವನೇ ಮೊದಲ ಮಾದೇಶ. ಹರಸಿಕೊಂಡಿದ್ದು ಒಂದೇ ಸಲ, ಹೆಸರು ಬಂದಿದ್ದು ಆರು ಜನಕ್ಕೆ. ಹಾಗಾಗಿ ಯಾರದಾದರೂ ಹೆಸರು ಅವರ ಮನೆದೇವರಿಗೆ ಹೊಂದದೆ ಇದ್ದರೆ, 'ನಿಮ್ಮಜ್ಜಿಯ ತವರು ಯಾವುದು' ಅಂತ ಕೇಳಿ ನೋಡಿ. ಚೆಲುವಮ್ಮ ಸಿಕ್ಕಿದರೆ ಮೇಲುಕೋಟೆ ಕಡೆ, ನಂಜಮ್ಮ ಸಿಕ್ಕಿದರೆ ನಂಜನಗೂಡಿನ ಕಡೆ ನೆನಪು ಹೋಗುತ್ತದೆ. ಆದರೆ ಪ್ರತಿಯೊಬ್ಬ ನಂಜಮ್ಮನೂ ಹರಕೆಯ ಮಗಳಲ್ಲ. ಹೆಚ್ಚಿನವರಿಗೆ ಅದು ಅಜ್ಜಿಯ ಹೆಸರು ಅಷ್ಟೆ.

ಒಂದೇ ಹೆಸರು ಇಷ್ಟು ಜನಕ್ಕಿದ್ದರೆ ಗುರುತು ಹೇಗೆ? ಅದಕ್ಕೇ ದೊಡ್ಡಮಾದ, ಚಿಕ್ಕಮಾದ, ಪುಟ್ಟಮಾದ, ಕರಿಮಾದ, ಕೆಂಪಮಾದ. ಸೊಸೆಯರಿಗೆ ಇನ್ನೊಂದು ಕಷ್ಟ. ಮಾವನ ಹೆಸರು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಮಗನಿಗೂ ಅದೇ ಹೆಸರು. ನಮ್ಮತ್ತಿಗೆ ತನ್ನ ಮಗನನ್ನು ಇವತ್ತಿಗೂ 'ಸ್ವಾಮಿ' ಅಂತಲೇ ಕರೆಯುವುದು. ಬೈಯುವಾಗಲೂ 'ಲೇ ಸ್ವಾಮಿ'.

ನಾನು ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಹಳೆಯ ದಾಖಲಾತಿ ಪುಸ್ತಕ ತೆರೆದರೆ ಒಂದೇ ದೇವರು ಹತ್ತು ವೇಷದಲ್ಲಿ ಕಾಣುತ್ತಾನೆ: ಮಾದೇಗೌಡ, ಮಾದಶೆಟ್ಟಿ, ಮಾದನಾಯಕ, ಮಹದೇವಸ್ವಾಮಿ, ಮಾದಯ್ಯ. ದೇವರಿಗೆ ಜಾತಿ ಇಲ್ಲದಿದ್ದರೂ ಹೆಸರಿನ ಬಾಲಕ್ಕೆ ಇತ್ತು. ಕೆಲವರಿಗೆ ಬಾಲವೇ ಇಲ್ಲ, ಬರೀ 'ಮಾದ'. ಅವರ ಅಪ್ಪಂದಿರು ಏನು ಹೇಳಿದ್ದರೋ, ಬರೆದವರು 'ಅಯ್ಯ' ಸೇರಿಸುವ ಮನಸ್ಸು ಮಾಡಲಿಲ್ಲ. ಆಮೇಲೆ ಬಂದ ಮೇಷ್ಟ್ರುಗಳು ಉಲ್ಟಾ ಮಾಡಿದರು. ಮಾದ ಅಂತ ಬಂದವನನ್ನು 'ಚೆನ್ನಾಗಿ ಕೇಳಲಿ' ಅಂತ ಮಹದೇವ ಮಾಡಿದರು. ನಾನೂ ಮಾಡಿದ್ದೇನೆ. ಒಬ್ಬ ಹುಡುಗನ ತಾಯಿ ಬಂದು, 'ನಾನು ಹರಸ್ಕೊಂಡಿದ್ದು ಮಾದಪ್ಪನ್ಗೆ ಮೇಷ್ಟ್ರೇ, ಈ ಮಹದೇವ ಯಾರು?' ಅಂತ ಕೇಳಿದ ಮೇಲೆ ನಿಲ್ಲಿಸಿದೆ.

ಇದು ಹಿಂದೂಗಳಲ್ಲಿ ಮಾತ್ರ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ಹೆಸರು ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರದು. ಅಪ್ಪ ಅಮ್ಮ ಮಗುವಿಗಾಗಿ ಆ ದರ್ಗಾದಲ್ಲಿ ಬೇಡಿಕೊಂಡಿದ್ದರು ಅನ್ನುತ್ತಾರೆ. ಅಲ್ಲೂ ನೋಡಿ, ಬೇರೆ ಸೀಮೆಯ ಹೆಸರು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಆತುರ ಬೇಡ. ಮಗುವಿನ ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲಾದರೆ ತಡವಾದ ಶುಲ್ಕ ಕಟ್ಟಬೇಕು, ಅದಕ್ಕೆ 15 ವರ್ಷದ ಮಿತಿ ಇದೆ. ಅಷ್ಟರಲ್ಲಿ ಬೆಟ್ಟಕ್ಕೆ ಹೋಗಿ ಬನ್ನಿ. ಈಗ ಹೆಚ್ಚಿನ ಮನೆಗಳಲ್ಲಿ ನಾಮಕರಣಕ್ಕೆ ಎರಡು ಮೂರು ಹೆಸರು ಹೇಳುತ್ತಾರೆ: ಹರಕೆಯದು, ನಕ್ಷತ್ರದ್ದು, ಕರೆಯೋದು. ಆದರೆ ಕಾಗದಕ್ಕೆ ಒಂದೇ ಹೋಗಲಿ. ನಮ್ಮ ಚಿಕ್ಕಪ್ಪ ರೇಷನ್ ಕಾರ್ಡಿನಲ್ಲಿ ಚಿಕ್ಕಮಾದ, ಪಹಣಿಯಲ್ಲಿ ಚಿಕ್ಕಮಾದೇಗೌಡ, ಬ್ಯಾಂಕಿನಲ್ಲಿ ಮಹದೇವ. ಮೂವರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸೋಕೆ ಅವರ ಮಗ ತಿಂಗಳುಗಟ್ಟಲೆ ಅಲೆದ.

ಅತ್ತೆ 'ಕರೀತೀನಿ' ಅಂತಲೇ ಹರಸಿಕೊಂಡಿದ್ದು, ನಿಮಗೆ ಆ ಹೆಸರು ಬೇಡವೇ ಬೇಡ ಅನ್ನಿಸಿದರೆ, ಬೆಟ್ಟದಲ್ಲಿ ತಪ್ಪು ಕಾಣಿಕೆ ಹಾಕಿ ಬರುವ ದಾರಿಯೂ ಇದೆ. ನಿಮ್ಮತ್ತೆಗೆ ಅದು ಗೊತ್ತೇ ಇರುತ್ತದೆ, ನೀವು ಕೇಳುವ ತನಕ ಹೇಳುವುದಿಲ್ಲ ಅಷ್ಟೆ.