ತೋಟದ ಮಾಲೀಕರಿಗೆ ಪ್ರತಿ ವಾರ ಕಳಿಸುವ ಕೆಲಸದ ವರದಿ

ಕೇಳಿದ ಪ್ರಶ್ನೆ: "ಸಾಗರದ ಹತ್ತಿರ ಬೆಂಗಳೂರಿನವರ ನಾಲ್ಕು ಎಕರೆಯಲ್ಲಿ ಅಡಿಕೆ ತೋಟ ಕಟ್ಟಿಕೊಡಲು ಗುತ್ತಿಗೆ ಹಿಡಿದಿದ್ದೇನೆ. ಮುಗಿದದ್ದು, ನಡೀತಿರೋದು, ನಿಂತಿರೋದು, ಮುಂದಿನ ವಾರದ್ದು ಅಂತ ಪ್ರತಿ ಭಾನುವಾರ ಬರೆದು ಕಳಿಸಿ ಅಂತಾರೆ. ನಾನು ಬರೆದದ್ದು ಓದಿ ಮತ್ತೆ ಹತ್ತು ಸಲ ಫೋನ್ ಮಾಡ್ತಾರೆ. ಕರೆಂಟ್ ಕನೆಕ್ಷನ್ ನಿಂತಿರೋದು ಅವರ ಪಹಣಿಯಿಂದಲೇ, ಅದನ್ನು ಹೇಗೆ ಹೇಳೋದು? ಯಾರಾದ್ರೂ ಮಾದರಿ ಕೊಡಿ."

ನಮಸ್ಕಾರ. ಮಾಲೀಕರು ಊರಿನಲ್ಲಿಲ್ಲದ ತೋಟಗಳ ಕೆಲಸವನ್ನು ವಹಿಸಿಕೊಂಡು ಮಾಡಿಸುವುದೇ ನನ್ನ ಉದ್ಯೋಗವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಈ ಚರ್ಚೆಯಲ್ಲಿ ಮೇಲೆ ಒಬ್ಬರು ಇದನ್ನು ಡ್ರಿಪ್ ಸಹಾಯಧನದ ಕಾಗದಪತ್ರದ ಪ್ರಶ್ನೆ ಎಂದು ತಿಳಿದು ಉತ್ತರಿಸಿದ್ದಾರೆ. ಆ ಮಾಹಿತಿ ಉಪಯುಕ್ತವಾದರೂ ಇಲ್ಲಿನ ವಿಷಯ ಬೇರೆ. ಶಿರಸಿಯ ಸಹೋದರಿ "ದಿನಾ ನಾಲ್ಕು ಫೋಟೊ ಹಾಕಿದರೆ ಸಾಕು, ಬರೆಯುವ ಅಗತ್ಯವೇ ಇಲ್ಲ" ಎಂದಿರುವುದು ಅರ್ಧ ಸರಿ. ಫೋಟೊದಲ್ಲಿ ತೋಡಿದ ಗುಂಡಿ ಕಾಣುತ್ತದೆ. ಉಳಿದ ಗುಂಡಿಗಳು ಏಕೆ ತಡವಾಗುತ್ತಿವೆ, ಕೆಲಸ ಯಾರ ಸಹಿಗಾಗಿ ಕಾಯುತ್ತಿದೆ ಎಂಬುದು ಕಾಣುವುದಿಲ್ಲ. ಮಾಲೀಕರು ಫೋನ್ ಮಾಡುವುದು ಈ ಕಾಣದ ಭಾಗವನ್ನು ತಿಳಿಯಲು.

ಮೊದಲು "ಮುಗಿದದ್ದು" ಎಂಬ ಭಾಗ. "ಡ್ರಿಪ್ ಮುಗಿದಿದೆ" ಎಂದು ನೀವು ಬರೆದರೆ ಪೈಪು ಹಾಸಿ ಆಗಿದೆ ಎಂಬುದು ನಿಮ್ಮ ಅರ್ಥ, ಗಿಡದ ಬುಡಕ್ಕೆ ನೀರು ಬೀಳುತ್ತಿದೆ ಎಂಬುದು ಮಾಲೀಕರು ಮಾಡಿಕೊಳ್ಳುವ ಅರ್ಥ. ಈ ಎರಡರ ನಡುವೆ ಎರಡು ವಾರಗಳ ಕೆಲಸ ಇರಬಹುದು. ಆದ್ದರಿಂದ ಪ್ರತಿಯೊಂದು ಕೆಲಸಕ್ಕೂ ಅದು ಮುಗಿದಿದೆ ಎಂದು ಯಾವ ಪರೀಕ್ಷೆಯಿಂದ ಹೇಳುತ್ತೀರಿ ಎಂಬುದನ್ನು ಮೊದಲೇ ಮಾಲೀಕರೊಡನೆ ಮಾತನಾಡಿಕೊಳ್ಳಿ. ಡ್ರಿಪ್ಪಿಗೆ ನಾನು ಇಟ್ಟುಕೊಂಡ ಪರೀಕ್ಷೆ ಹೀಗಿದೆ: ಸಬ್‌ಮೇನ್ ತುದಿಯ ವಾಲ್ವ್ ತೆರೆದು ಕೆಸರು ಹೋಗಿ ತಿಳಿನೀರು ಬರುವವರೆಗೆ ಬಿಡಬೇಕು, ನಂತರ ಪ್ರತಿ ಲ್ಯಾಟರಲ್‌ನ ತುದಿಯನ್ನೂ ಹಾಗೆಯೇ ತೊಳೆದು ಮುಚ್ಚಬೇಕು, ಆಮೇಲೆ ಪಂಪಿನಿಂದ ಅತಿ ದೂರದ ಸಾಲಿನ ಕೊನೆಯ ಡ್ರಿಪ್ಪರ್ ಕೆಳಗೆ ಅಳತೆಯ ಲೋಟವಿಟ್ಟು ಗಡಿಯಾರ ನೋಡಬೇಕು. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಆದರೆ 3 ನಿಮಿಷಕ್ಕೆ 200 ಮಿಲಿಲೀಟರ್ ಆಸುಪಾಸು ತುಂಬಬೇಕು. 120 ಮಾತ್ರ ತುಂಬಿತೆಂದರೆ ಎಲ್ಲೋ ಒತ್ತಡ ಸೋರುತ್ತಿದೆ ಅಥವಾ ಕಸ ಕಟ್ಟಿದೆ, ಆ ಕೆಲಸ ಇನ್ನೂ "ನಡೆಯುತ್ತಿರುವುದು" ಭಾಗದಲ್ಲಿಯೇ ಇರಬೇಕು. "ತೋಟದ ಎರಡನೇ ಭಾಗದ ಕೊನೆಯ ಡ್ರಿಪ್ಪರಿನಲ್ಲಿ 3 ನಿಮಿಷಕ್ಕೆ 195 ಮಿಲಿಲೀಟರ್ ಬಂತು" ಎಂದು ಬರೆದ ವರದಿಗೆ ಮರುಪ್ರಶ್ನೆ ಬರುವುದು ಅಪರೂಪ.

"ನಡೆಯುತ್ತಿರುವುದು" ಭಾಗದಲ್ಲಿ ಶೇಕಡಾ ಲೆಕ್ಕ ಬರೆಯಬೇಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 537 ಗಿಡಗಳಂತೆ ನಾಲ್ಕು ಎಕರೆಗೆ 2,150 ಬರುತ್ತದೆ. ದಾರಿ, ಬಸಿಗಾಲುವೆ, ಪಂಪ್‌ಮನೆ ಕಳೆದು ನಿಮ್ಮಲ್ಲಿ 1,960 ಗುಂಡಿ ಎಂದುಕೊಳ್ಳೋಣ. ಮಣ್ಣು ಮೆತ್ತಗಿರುವ ಕಡೆ ಯಂತ್ರ ಬೇಗ ಓಡುವುದರಿಂದ ಮೊದಲ ವಾರದಲ್ಲೇ "ಶೇಕಡಾ 65 ಆಗಿದೆ" ಎಂದು ಬರೆಯುತ್ತೀರಿ. ನಂತರ ಜಂಬಿಟ್ಟಿಗೆ ಸಿಗುತ್ತದೆ, ಮುಂದಿನ ವಾರ 74, ಅದರ ಮುಂದಿನ ವಾರ 82. ಆಳುಗಳು ಬರುತ್ತಿಲ್ಲ ಎಂದೋ ನೀವು ಬೇರೆ ಕೆಲಸಕ್ಕೆ ಹೋಗಿದ್ದೀರಿ ಎಂದೋ ಮಾಲೀಕರು ಭಾವಿಸುತ್ತಾರೆ. ಎಷ್ಟರಲ್ಲಿ ಎಷ್ಟು ಆಗಿದೆ, ಈಗಿನ ವೇಗ ದಿನಕ್ಕೆ ಎಷ್ಟು, ವೇಗ ಏಕೆ ಇಳಿಯಿತು, ಈ ವೇಗದಲ್ಲಿ ಇನ್ನೆಷ್ಟು ದಿನ ಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದರೆ ಆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಇನ್ನು "ನಿಂತಿರುವುದು". ನಿಮ್ಮ ನಿಜವಾದ ಕಷ್ಟ ಇರುವುದು ಇಲ್ಲಿ. ಪಹಣಿ ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ, ಹಾಗಾಗಿ ಸಂಪರ್ಕದ ಅರ್ಜಿ ಮುಂದೆ ಹೋಗುತ್ತಿಲ್ಲ ಎಂದು ನೀವು ಕೆಳಗಿನ ಉತ್ತರದಲ್ಲಿ ತಿಳಿಸಿದ್ದೀರಿ. ಮಾಲೀಕರಿಗೆ ಬೇಸರವಾಗಬಾರದೆಂದು "ಕರೆಂಟ್ ಕೆಲಸ ಸ್ವಲ್ಪ ತಡವಾಗುತ್ತಿದೆ" ಎಂದಷ್ಟೇ ಬರೆಯುತ್ತಿದ್ದೀರಿ. ಅದನ್ನು ಓದಿದವರು ವಿದ್ಯುತ್ ಕಚೇರಿಯವರು ತಡಮಾಡುತ್ತಿದ್ದಾರೆ, ನೀವು ಓಡಾಡುತ್ತಿದ್ದೀರಿ ಎಂದೇ ತಿಳಿಯುತ್ತಾರೆ. ಸಹಿ ತಮ್ಮಿಂದ ಬೇಕು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ತಪ್ಪು ಯಾರದೆಂದು ಬರೆಯದೆ ಮುಂದಿನ ಹೆಜ್ಜೆ ಯಾರ ಕೈಯಲ್ಲಿದೆ ಎಂದು ಬರೆಯಿರಿ. ಏನು ನಿಂತಿದೆ, ಯಾವ ದಿನದಿಂದ, ನಿಮ್ಮ ಕಡೆಯಿಂದ ಏನೇನು ಮಾಡಿ ಮುಗಿಸಿದ್ದೀರಿ, ಇನ್ನು ಯಾರು ಏನು ಮಾಡಬೇಕು, ಯಾವ ದಿನದೊಳಗೆ, ಆ ದಿನ ದಾಟಿದರೆ ಏನು ಕೆಡುತ್ತದೆ ಎಂಬಷ್ಟೂ ಅಲ್ಲಿರಬೇಕು. ಕೊನೆಯದನ್ನು ಬರೆಯುವಾಗ ಹೆದರಿಸುವ ಧಾಟಿ ಬೇಡ, ನಿಜವಾಗಿ ಕೆಡುವುದನ್ನು ಮಾತ್ರ ಬರೆಯಿರಿ. ಸಾಗರದ ಕಡೆ ಜೂನಿನಲ್ಲಿ ಮಳೆ ಹಿಡಿದ ಮೇಲೆ ಸಸಿ ನೆಟ್ಟರೆ ಮಳೆಗಾಲ ಮುಗಿಯುವವರೆಗೆ ನೀರು ಕೊಡುವ ಅಗತ್ಯ ಬೀಳುವುದಿಲ್ಲ. ಅಂದರೆ ಸಂಪರ್ಕ ತಡವಾದ ಮಾತ್ರಕ್ಕೆ ನೆಡುವ ಕೆಲಸ ನಿಲ್ಲುವುದಿಲ್ಲ. ಆದರೆ ಬೇಸಿಗೆಗೆ ಮೊದಲು ಮೋಟಾರು ಓಡದಿದ್ದರೆ ಎಳೆಯ ಸಸಿಗಳಿಗೆ ಟ್ಯಾಂಕರ್ ನೀರೇ ಗತಿ. ಇದನ್ನು ಹೀಗೆ ಬಿಡಿಸಿ ಹೇಳಿದರೆ ಮಾಲೀಕರಿಗೆ ಗಾಬರಿಯೂ ಆಗುವುದಿಲ್ಲ, ಅವರು ಅಲಕ್ಷ್ಯವನ್ನೂ ಮಾಡುವುದಿಲ್ಲ.

ನೀವು ಕೇಳಿದ ಮಾದರಿ ಇಲ್ಲಿದೆ. ಅಂಕಿಗಳನ್ನು ನಿಮ್ಮ ತೋಟಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

"ಮೇ 4ರಿಂದ 10ರವರೆಗಿನ ವಾರ. ಈ ವಾರ ತಮ್ಮಿಂದ ಬೇಕಾಗಿರುವುದು ಒಂದು: ಪೌತಿ ಖಾತೆಯ ಅರ್ಜಿಗೆ ತಮ್ಮ ಮತ್ತು ತಂಗಿಯವರ ಸಹಿ, ಮೇ 16ರ ಒಳಗೆ.

ಮುಗಿದದ್ದು: ತೋಟದ ಒಂದರಿಂದ ನಾಲ್ಕನೇ ಭಾಗದವರೆಗಿನ 1,310 ಗುಂಡಿಗಳು. ಜನರೇಟರ್ ಇಟ್ಟು ಕೊಳವೆಬಾವಿಯನ್ನು ಆರು ಗಂಟೆ ಓಡಿಸಿ ನೀರು ಅಳೆಯಲಾಯಿತು. ಆರಂಭದಲ್ಲಿ ಎರಡೂವರೆ ಇಂಚು ಇದ್ದುದು ನಾಲ್ಕನೇ ಗಂಟೆಯ ನಂತರ ಎರಡು ಇಂಚಿಗೆ ನಿಂತಿತು.

ನಡೆಯುತ್ತಿರುವುದು: ಐದು ಮತ್ತು ಆರನೇ ಭಾಗದ 650 ಗುಂಡಿಗಳಲ್ಲಿ 140 ಆಗಿವೆ. ಜಂಬಿಟ್ಟಿಗೆ ಇರುವುದರಿಂದ ದಿನಕ್ಕೆ 40ರಂತೆ ಸಾಗುತ್ತಿದೆ, ಇನ್ನು 13 ಕೆಲಸದ ದಿನಗಳು ಬೇಕು.

ನಿಂತಿರುವುದು: ತ್ರೀಫೇಸ್ ಸಂಪರ್ಕ, ಏಪ್ರಿಲ್ 27ರಿಂದ. ಪಹಣಿ ತಮ್ಮ ತಂದೆಯವರ ಹೆಸರಿನಲ್ಲಿರುವುದರಿಂದ ವಿದ್ಯುತ್ ಕಚೇರಿಯವರು ಅರ್ಜಿ ಪಡೆಯಲಿಲ್ಲ. ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರದ ಪ್ರತಿಗಳನ್ನು ನಾನು ಸಿದ್ಧಪಡಿಸಿದ್ದೇನೆ. ತಾವಿಬ್ಬರೂ ಒಂದು ದಿನ ನಾಡಕಚೇರಿಗೆ ಬಂದರೆ ಅರ್ಜಿ ಸಲ್ಲಿಸಬಹುದು. ಆಕ್ಷೇಪಣೆಯ ಅವಧಿ, ಖಾತೆ, ಅದರ ನಂತರ ಸಂಪರ್ಕ ಎಂದು ಒಂದರ ಹಿಂದೆ ಒಂದು ಆಗಬೇಕಾದ್ದರಿಂದ ಈಗ ಆರಂಭಿಸಿದರೆ ಮಳೆಗಾಲ ಮುಗಿಯುವುದರೊಳಗೆ ಮೋಟಾರು ಓಡಬಹುದು. ಸಸಿ ನೆಡುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ಮುಂದಿನ ವಾರ: ಗುಂಡಿ ಮುಂದುವರಿಕೆ, ಒಂದನೇ ಭಾಗದ ಗುಂಡಿಗಳಿಗೆ ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ. ಮಳೆ ಬಂದರೆ ಗೊಬ್ಬರದ ಲಾರಿ ಒಳಗೆ ಬರುವುದಿಲ್ಲ, ಆಗ ಗುಂಡಿಯ ಕೆಲಸ ಮಾತ್ರ ನಡೆಯುತ್ತದೆ."

ಮಾಲೀಕರಿಂದ ಬೇಕಾದದ್ದನ್ನು ವರದಿಯ ಆರಂಭದಲ್ಲಿಯೇ ಇಟ್ಟಿರುವುದನ್ನು ಗಮನಿಸಿ. ಭಾನುವಾರ ಫೋನಿನಲ್ಲಿ ಓದುವವರು ಮೊದಲ ಎರಡು ಸಾಲು ನೋಡಿ ಉಳಿದದ್ದನ್ನು ರಾತ್ರಿಗೆ ಬಿಡುತ್ತಾರೆ. ಸಹಿಯ ವಿಷಯ ವರದಿಯ ಮೂರನೇ ಭಾಗದ ನಡುವೆ ಹುದುಗಿದ್ದರೆ ಇನ್ನೊಂದು ವಾರ ಹೋಯಿತೆಂದೇ ಲೆಕ್ಕ. ಮುಂದಿನ ವಾರದ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗಬಹುದೆಂದು ನಿಮಗೆ ನಂಬಿಕೆ ಇರುವುದನ್ನು ಮಾತ್ರ ಬರೆಯಿರಿ, ಮಳೆಯ ಷರತ್ತನ್ನು ಅಲ್ಲಿಯೇ ಸೇರಿಸಿ.

ನೀರಿನ ಅಳತೆಯನ್ನು ಇಷ್ಟು ವಿವರವಾಗಿ ಏಕೆ ಬರೆಯಬೇಕು ಎಂದು ಒಬ್ಬರು ಕೇಳಿದ್ದಾರೆ. ಎರಡು ಇಂಚು ಒಂದೂವರೆಗೆ ಇಳಿದರೆ ಕಾಲುಭಾಗ ಕಡಿಮೆಯಾಯಿತು ಎಂದು ಕೇಳಿದವರಿಗೆ ಅನ್ನಿಸುತ್ತದೆ, ಆದರೆ ಇಲ್ಲಿ ಇಂಚು ಎಂದರೆ ವಿ ಆಕಾರದ ತೂಬಿನಲ್ಲಿ ಹರಿಯುವ ನೀರಿನ ಎತ್ತರ; ಎರಡು ಇಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್, ಒಂದೂವರೆ ಎಂದರೆ ಸುಮಾರು 1,400 ಲೀಟರ್. ನೀರು ಅರ್ಧಕ್ಕೆ ಬಂತು. ಗಿಡಕ್ಕೆ 4 ಲೀಟರಿನ ಎರಡು ಡ್ರಿಪ್ಪರ್ ಇಟ್ಟರೆ ಎರಡು ಇಂಚಿನಲ್ಲಿ ಒಂದು ಸಲಕ್ಕೆ 360 ಗಿಡಗಳಿಗೆ ನೀರು ಕೊಡಬಹುದು, ಆದ್ದರಿಂದಲೇ ಮಾದರಿಯಲ್ಲಿ ತೋಟಕ್ಕೆ ಆರು ಭಾಗ; ದಿನಕ್ಕೆ ಏಳು ಗಂಟೆ ತ್ರೀಫೇಸ್ ಬಂದರೆ ಭಾಗಕ್ಕೆ ಒಂದು ಗಂಟೆಯಂತೆ ಒಂದೇ ದಿನದಲ್ಲಿ ಸುತ್ತು ಮುಗಿಯುತ್ತದೆ. ಒಂದೂವರೆ ಇಂಚಿಗೆ ಇಳಿದರೆ ಹನ್ನೆರಡು ಭಾಗ ಬೇಕು, ಸುತ್ತು ಎರಡು ದಿನಕ್ಕೆ ಹೋಗುತ್ತದೆ, ವಾಲ್ವ್ ಮತ್ತು ಸಬ್‌ಮೇನ್ ಖರ್ಚು ಏರುತ್ತದೆ. ಮುಂದಿನ ಬೇಸಿಗೆಯಲ್ಲಿ ಹಾಗಾದರೆ ಈ ವಾರದ ವರದಿಯಲ್ಲಿನ ಎರಡು ಇಂಚಿನ ದಾಖಲೆಯೇ ನಿಮಗೂ ಅವರಿಗೂ ಆಧಾರ. ಬಾವಿ ಕೊರೆದ ದಿನ ರಿಗ್ಗಿನವರು ಹೇಳಿದ ಇಂಚನ್ನು ಎಂದೂ ವರದಿಗೆ ಹಾಕಬೇಡಿ, ಗಂಟೆಗಟ್ಟಲೆ ಓಡಿಸಿದ ಮೇಲೆ ನಿಂತ ಅಳತೆಯನ್ನೇ ಹಾಕಿ.

ಖರ್ಚಿನ ಲೆಕ್ಕವೂ ಇದೇ ವರದಿಯಲ್ಲಿ ಇರಬೇಕೇ ಎಂಬ ಬಗ್ಗೆ ಇಲ್ಲಿ ಒಮ್ಮತವಿಲ್ಲ. ಕಾಫಿ ಎಸ್ಟೇಟಿನಲ್ಲಿ ಬಹುಕಾಲ ರೈಟರ್ ಆಗಿದ್ದ ಹಿರಿಯರು ಮಸ್ಟರ್ ಮತ್ತು ಹಣದ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಇಡಬೇಕು ಎಂದಿದ್ದಾರೆ. ಅವರ ಅನುಭವಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಈ ವರದಿಯನ್ನು ಮಾಲೀಕರು ಅಣ್ಣತಮ್ಮಂದಿರಿಗೂ ಕಳಿಸುತ್ತಾರೆ ಮತ್ತು ಆಗ ಚರ್ಚೆ ಗುಂಡಿಯಿಂದ ಕೂಲಿಗೆ ಹೊರಳುತ್ತದೆ. ಆದರೆ ಶಿರಸಿಯ ಸಹೋದರಿಯವರ ತೋಟದ ಮಾಲೀಕರು ಹಣ ಕಾಣದ ವರದಿಯನ್ನು ಒಪ್ಪುವುದೇ ಇಲ್ಲವಂತೆ. ನಿಮ್ಮ ಮಾಲೀಕರನ್ನೇ ಕೇಳಿ ನಿರ್ಧರಿಸುವುದು ಒಳ್ಳೆಯದು.

ಒಂದು ವಿಷಯ ನಿಮ್ಮಿಂದ ತಿಳಿಯಬೇಕಿತ್ತು: ಗುತ್ತಿಗೆಯ ಕರಾರಿನಲ್ಲಿ ಡ್ರಿಪ್ ಚಾಲೂ ಮಾಡಿಕೊಡುವ ದಿನಾಂಕ ಇದೆಯೇ? ಇದ್ದರೆ, ಪಹಣಿಯ ಕಾರಣಕ್ಕೆ ನಿಂತ ದಿನಗಳನ್ನು ಆ ದಿನಾಂಕಕ್ಕೆ ಸೇರಿಸುವ ಬಗ್ಗೆ ಈ ಭಾನುವಾರದ ವರದಿಯಲ್ಲಿಯೇ ಒಂದು ಸಾಲು ಬರೆದು ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.