ದೂರ ಚೆನ್ನಾಗಿ ಕಾಣುತ್ತೆ, ಓದಿದರೆ ಮಾತ್ರ ಹಣೆ ನೋವು

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಆರು ತಿಂಗಳಿಂದ ಸಂಜೆ ಲೆಕ್ಕ ಬರೆಯಲು ಕೂತರೆ ಅರ್ಧ ಗಂಟೆಗೇ ಹುಬ್ಬಿನ ಮೇಲೆ ನೋವು ಶುರುವಾಗುತ್ತೆ. ದೂರದ್ದೆಲ್ಲ ಚೆನ್ನಾಗಿ ಕಾಣುತ್ತೆ. ಸಂತೆಯಲ್ಲಿ 2 ನಂಬರಿನ ಓದೋ ಕನ್ನಡಕ ತಂದೆ. ಅಕ್ಷರ ದಪ್ಪ ಕಾಣುತ್ತೆ, ನೋವು ಮಾತ್ರ ಹೋಗಿಲ್ಲ. ಏನು ಮಾಡಲಿ?

ಉತ್ತರ: ನಿಮಗೆ ಚಾಳೀಸು ಶುರುವಾದಂತಿದೆ. ಆದರೆ ಈ ನೋವಿಗೆ ಅದೊಂದೇ ಕಾರಣ ಅಂತ ನನಗೆ ಅನ್ನಿಸುತ್ತಿಲ್ಲ.

ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಸ್ನಾಯು ಬಿಗಿಯಾಗುತ್ತದೆ, ಮಸೂರ ಉಬ್ಬುತ್ತದೆ. ವಯಸ್ಸಾದಂತೆ ಮಸೂರ ಗಟ್ಟಿಯಾಗಿ, ಉಬ್ಬುವುದು ಕಡಿಮೆಯಾಗುತ್ತದೆ. ಪುಸ್ತಕ 40 ಸೆಂ.ಮೀ. ದೂರದಲ್ಲಿದ್ದರೆ ಕಣ್ಣು ಎರಡೂವರೆ ನಂಬರಿನಷ್ಟು ಶಕ್ತಿ ಹಾಕಬೇಕು. 43ನೇ ವಯಸ್ಸಿನಲ್ಲಿ ಕಣ್ಣಿಗಿರುವ ಒಟ್ಟು ಶಕ್ತಿ ಹೆಚ್ಚುಕಮ್ಮಿ ಐದೂವರೆ. ಅಷ್ಟಿದ್ದರೆ ಸಾಕಲ್ವಾ ಅಂತ ಕೇಳಬಹುದು. ಆದರೆ ಇರುವುದರಲ್ಲಿ ಅರ್ಧವನ್ನಷ್ಟೇ ಗಂಟೆಗಟ್ಟಲೆ ಆರಾಮಾಗಿ ಬಳಸಲು ಆಗುವುದು. ಅಂದರೆ ನೀವು ಈಗ ಗಡಿಯಲ್ಲಿದ್ದೀರಿ.

ಇಲ್ಲೇ ಒಂದು ವಿಷಯ ತಪ್ಪಿಹೋಗುತ್ತದೆ. ದೂರ ಚೆನ್ನಾಗಿ ಕಾಣುತ್ತದೆ ಅಂದ ಮಾತ್ರಕ್ಕೆ ದೂರಕ್ಕೆ ನಂಬರ್ ಇಲ್ಲ ಅಂತಲ್ಲ. ಸಣ್ಣ ಪ್ಲಸ್ ನಂಬರ್ ಇದ್ದರೆ ಅದೇ ಸ್ನಾಯು ಹುಟ್ಟಿದಾಗಿನಿಂದ ಅದನ್ನು ಮುಚ್ಚಿಕೊಂಡು ಬಂದಿರುತ್ತದೆ. ನಲವತ್ತು ದಾಟಿದ ಮೇಲೆ ಅದಕ್ಕೆ ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ. ಆಗ ಹುಬ್ಬಿನ ಮೇಲೆ ನೋವು ಬರುತ್ತದೆ. ಸಂಜೆ ಮಂದ ಬೆಳಕಿನಲ್ಲಿ ಜಾಸ್ತಿಯಾಗುತ್ತದೆ.

ಹೋದ ವರ್ಷ ಹಾಸನದ ಒಬ್ಬ ಗುಮಾಸ್ತರು ಹೀಗೇ ಬಂದಿದ್ದರು. ವಯಸ್ಸು 44, ಜೇಬಿನಲ್ಲಿ 2 ನಂಬರಿನ ರೆಡಿಮೇಡ್ ಕನ್ನಡಕ. ಪರೀಕ್ಷೆ ಮಾಡಿದರೆ ದೂರಕ್ಕೆ ಬಲಗಣ್ಣಿಗೆ ಪ್ಲಸ್ ಕಾಲು, ಎಡಗಣ್ಣಿಗೆ ಪ್ಲಸ್ 1 ನಂಬರ್ ಇತ್ತು. ಓದಲು ಅದರ ಮೇಲೆ ಇನ್ನೂ 1 ಬೇಕಿತ್ತು. ಅಂದರೆ ಬಲಕ್ಕೆ ಒಂದೂಕಾಲು, ಎಡಕ್ಕೆ 2. ಅವರ ಕನ್ನಡಕ ಎಡಗಣ್ಣಿಗೆ ಸರಿಯಾಗಿತ್ತು, ಬಲಗಣ್ಣಿಗೆ ಮುಕ್ಕಾಲು ನಂಬರ್ ಜಾಸ್ತಿ. ಎರಡೂ ಕಣ್ಣಿನ ಸ್ನಾಯು ಒಂದೇ ಅಳತೆಯಲ್ಲಿ ಕೆಲಸ ಮಾಡುತ್ತದೆ, ಬೇರೆ ಬೇರೆ ಅಳತೆ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಒಂದು ಕಣ್ಣಿಗೆ ಅಕ್ಷರ ಸ್ಪಷ್ಟವಾದರೆ ಇನ್ನೊಂದಕ್ಕೆ ಮಸುಕು. ದಿನವಿಡೀ ಈ ಎಳೆದಾಟ. ಎರಡು ಕಣ್ಣಿಗೆ ಬೇರೆ ಬೇರೆ ಗಾಜು ಹಾಕಿಸಿದ ಮೇಲೆ ಎರಡು ವಾರದಲ್ಲಿ ನೋವು ನಿಂತಿತು.

ನಿಮ್ಮದೂ ಇದೇ ಅಂತ ನೋಡದೆ ಹೇಳಲಾರೆ. ಎರಡು ಕಣ್ಣೂ ಒಂದೇ ಥರ ಇದ್ದು, ದೂರಕ್ಕೆ ನಂಬರೇ ಇಲ್ಲದವರಿಗೆ ರೆಡಿಮೇಡ್ ಕನ್ನಡಕ ನಡೆಯುತ್ತದೆ. ಅಂಥವರಿಗೂ 43ಕ್ಕೆ ಸಾಮಾನ್ಯವಾಗಿ ಮುಕ್ಕಾಲು, ಒಂದು ಸಾಕು. 2 ಜಾಸ್ತಿ. ಅದನ್ನು ಹಾಕಿದರೆ ಅರ್ಧ ಮೀಟರಿನ ಆಚೆಯದು ಮಸುಕಾಗುತ್ತದೆ. ನೀವು ಗೊತ್ತಿಲ್ಲದೆ ಪುಸ್ತಕದ ಮೇಲೆ ಬಗ್ಗುತ್ತೀರಿ, ಆಗ ಕುತ್ತಿಗೆಯೂ ಹಿಡಿಯುತ್ತದೆ. ಅಕ್ಷರ ದಪ್ಪ ಕಂಡರೆ ಕನ್ನಡಕ ಸರಿಯಿದೆ ಅಂತ ಅರ್ಥವಲ್ಲ, ದಯವಿಟ್ಟು ಇದನ್ನು ನೆನಪಿಡಿ.

ಪರೀಕ್ಷೆಗೆ ಹೋಗುವ ಮುಂಚೆ ಮನೆಯಲ್ಲಿ ಟೇಪು ಹಿಡಿದು, ನೀವು ಬರೆಯುವಾಗ ಕಣ್ಣಿನಿಂದ ಪುಸ್ತಕಕ್ಕೆ ಎಷ್ಟು ದೂರ ಅಂತ ಅಳೆಸಿಕೊಳ್ಳಿ. ಆ ಲೆಕ್ಕದ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಹಾಸನದ ಹಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಬಹುದು. ಬರೀ ಓದುವ ನಂಬರ್ ಕೊಡಿ ಅನ್ನಬೇಡಿ. ಮೊದಲು ಒಂದೊಂದೇ ಕಣ್ಣಿಗೆ ದೂರದ್ದು ನೋಡಲಿ. ಅಡಗಿದ ಪ್ಲಸ್ ಹೊರಬರಲು ಮೊದಲು ಜಾಸ್ತಿ ಪ್ಲಸ್ ಗಾಜು ಹಾಕಿ ಮಸುಕು ಮಾಡಿ, ನಿಧಾನಕ್ಕೆ ಇಳಿಸುತ್ತಾ ಬರುತ್ತಾರೆ. ಆ ಹೊತ್ತಿನಲ್ಲಿ ಕಣ್ಣು ಕಿರಿದು ಮಾಡಿ ಓದಲು ಹೋಗಬೇಡಿ. ಕಣ್ಣಿನ ಒತ್ತಡವನ್ನೂ ಅಂದೇ ನೋಡಿಸಿಕೊಳ್ಳಿ.

ಕೊನೆಗೆ ಟ್ರಯಲ್ ಫ್ರೇಮ್ ಹಾಕಿಕೊಂಡು ಹತ್ತು ನಿಮಿಷ ನಿಮ್ಮ ಪುಸ್ತಕವನ್ನೇ ಓದಿ. ಆಮೇಲೆ ಪುಸ್ತಕವನ್ನು ಹತ್ತಿರ ತಂದು, ದೂರ ಒಯ್ದು ನೋಡಿ. ನೀವು ಬರೆಯುವ ಜಾಗದಿಂದ ಸ್ವಲ್ಪ ಆಚೆಗೂ ಈಚೆಗೂ ಅಕ್ಷರ ಸ್ಪಷ್ಟವಾಗಿರಬೇಕು. ಮುಖದ ಹತ್ತಿರ ತಂದಾಗ ಮಾತ್ರ ಚೆನ್ನಾಗಿ ಕಂಡರೆ ನಂಬರ್ ಜಾಸ್ತಿಯಾಗಿದೆ. ದೂರ ಹಿಡಿದಾಗ ಮಾತ್ರ ಕಂಡರೆ ಕಡಿಮೆಯಾಗಿದೆ. ಕೂತು ಬರೆಯುವುದಷ್ಟೇ ಆದರೆ ಬರೀ ಓದುವ ಕನ್ನಡಕ ಸಾಕು. ನಡುನಡುವೆ ತಲೆಯೆತ್ತಿ ಆಳುಗಳ ಜೊತೆ ಮಾತಾಡುವುದಿದ್ದರೆ ಬೈಫೋಕಲ್ ಅನುಕೂಲ.

ಕನ್ನಡಕ ಹಾಕಿದರೆ ನಂಬರ್ ಏರುತ್ತೆ ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಕಿದರೂ ಬಿಟ್ಟರೂ ಮಸೂರ ಗಟ್ಟಿಯಾಗುತ್ತಲೇ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ನಂಬರ್ ನೋಡಿಸಿ.

ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಉಂಗುರ ಕಂಡು, ವಾಂತಿಯೊಂದಿಗೆ ಜೋರು ನೋವು ಬಂದರೆ ಅದು ಚಾಳೀಸಲ್ಲ. ಒತ್ತಡ ಒಮ್ಮೆಲೇ ಏರಿರಬಹುದು. ಪ್ಲಸ್ ನಂಬರಿನ ಕಣ್ಣಿಗೆ ಈ ಅಪಾಯ ಜಾಸ್ತಿ. ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಿ.