ಹದಿನಾಲ್ಕು ಸಾಲು ಆರಾದದ್ದು

"ನಮ್ಮ ಅಜ್ಜಿ ತೀರಿಕೊಂಡ ಪ್ರಕಟಣೆ ಬರೆದಿದ್ದೇನೆ. 14 ಸಾಲು ಆಗಿದೆ. ಪತ್ರಿಕೆಯವರು ಸಾಲಿನ ಲೆಕ್ಕದಲ್ಲಿ ಹಣ ಕೇಳುತ್ತಾರೆ, ನಮಗೆ 6 ಸಾಲು ಸಾಕು. ತಾಮನೆಯ ಹೆಸರು ಬಿಟ್ಟರೆ ಆಗುತ್ತದೆಯೇ?"

ಬಿಡಬೇಡಿ. ನಮ್ಮ ಕೊಡಗಿನ ಕಡೆ ಮದುವೆಯಾಗಿ ಬಂದ ಹೆಂಗಸನ್ನು ಹಳಬರು ಗುರುತಿಸುವುದೇ ತಾಮನೆಯಿಂದ, ಅಂದರೆ ಅವಳ ತವರು ಮನೆತನದಿಂದ. ಒಮ್ಮೆ ನಾನೇ ಅದನ್ನು ಕತ್ತರಿಸಿದ್ದೆ. ಮರುದಿನ ಆ ಮನೆಯವರಿಂದ ಬಂದ ಫೋನು ಇನ್ನೂ ಮರೆತಿಲ್ಲ!

ನೀವು ಕತ್ತರಿ ಹಾಕಬೇಕಾದ್ದು ಬೇರೆ ಕಡೆ. "ಅತೀವ ದುಃಖದಿಂದ ತಿಳಿಸುವುದೇನೆಂದರೆ" ಎಂದು ಶುರುವಾಗಿ "ಸರಳ ಸಜ್ಜನಿಕೆಯ" ತನಕ ನಾಲ್ಕು ಸಾಲು ಹೋಗಿದೆ. ಅಜ್ಜಿಯನ್ನು ಬಲ್ಲವರಿಗೆ ಅದು ಬೇಡ, ಅರಿಯದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮಕ್ಕಳು, ಸೊಸೆಯಂದಿರು, ಅಳಿಯ, ಮೊಮ್ಮಕ್ಕಳ ಹೆಸರು ಐದು ಸಾಲು ನುಂಗಿವೆ. ಸಂಖ್ಯೆ ಹೇಳಿದರೆ ಒಂದೇ ಸಾಲು. ಒಬ್ಬರ ಹೆಸರು ಹಾಕಿ ಇನ್ನೊಬ್ಬರದ್ದು ಬಿಡುವ ಜಗಳವೂ ಇಲ್ಲ. ಅಲ್ಲಿಗೆ ಎಂಟು ಸಾಲು ಕಡಿಮೆಯಾಯಿತು.

ಇನ್ನು ನಿಜವಾದ ತಪ್ಪುಗಳು. ತೀರಿಕೊಂಡವರಿಗೆ ಮಾಡುವ ತಿಥಿಕಾರ್ಯವಾದ ಮಾದದ ಬಗ್ಗೆ "11ನೇ ದಿನದ ಮಾದ ಸ್ವಗೃಹದಲ್ಲಿ" ಎಂದಿದ್ದೀರಿ. ತೀರಿಕೊಂಡ ದಿನವನ್ನು ಸೇರಿಸಿ ಎಣಿಸಬೇಕೋ ಬಿಟ್ಟೋ? ಓದುವವರು ಬೆರಳು ಮಡಚುತ್ತಾ ಕೂರಬೇಕಾಗುತ್ತದೆ. ಮನೆಯ ಹಿರಿಯರನ್ನು ಕೇಳಿ ತಾರೀಕು ಮತ್ತು ವಾರ ಎರಡನ್ನೂ ಹಾಕಿ. ಒಂದರಲ್ಲಿ ತಪ್ಪಾದರೆ ಇನ್ನೊಂದು ಹಿಡಿದುಕೊಡುತ್ತದೆ. ಸ್ವಗೃಹ ಅಂದರೆ ವಿರಾಜಪೇಟೆಯ ಮನೆಯೋ, ಊರಿನಲ್ಲಿರುವ ಮನೆತನದ ಮೂಲಮನೆ ಐನ್‌ಮನೆಯೋ? ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ ಆಗುತ್ತಾರೆ. ಇನ್ನೊಂದು: "ದಿ." ಎಂಬುದನ್ನು ದಿವಂಗತಕ್ಕೂ ದಿನಾಂಕಕ್ಕೂ ಬಳಸಿದ್ದೀರಿ. ಅದು ಅಜ್ಜನ ಹೆಸರಿನ ಮುಂದೆ ಮಾತ್ರ ಇರಲಿ. ತಿಂಗಳ ಹೆಸರು ಬರೆದರೆ ದಿನಾಂಕ ಎನ್ನುವ ಪದವೇ ಬೇಡ.

ನಾನು ತಿದ್ದಿದ್ದು ಹೀಗಿದೆ. ಮನೆಯವರ ಹೆಸರುಗಳ ಜಾಗದಲ್ಲಿ ಚುಕ್ಕಿ ಇಟ್ಟಿದ್ದೇನೆ:

.......... (84) ನಿಧನ, ಜೂನ್ 3.
ಬಿಳುಗುಂದದ ದಿ. .......... ಪತ್ನಿ.
ತಾಮನೆ: ..........
2 ಪುತ್ರರು, 1 ಪುತ್ರಿ, 5 ಮೊಮ್ಮಕ್ಕಳು.
ಮಾದ: ಜೂನ್ 13, ಶನಿವಾರ, ಬೆ. 10ಕ್ಕೆ
ಬಿಳುಗುಂದ ಐನ್‌ಮನೆ. ಫೋನ್: ..........

ಅಜ್ಜಿಯ ಹೆಸರಿನ ಮುಂದೆ ಮನೆತನದ ಹೆಸರು ಬರಲೇಬೇಕು. ಒಂದೇ ಹೆಸರಿನ ಅಜ್ಜಿಯರು ಊರಿಗೆ ಮೂವರಿರುತ್ತಾರೆ, ಅಲ್ವಾ?

ನಿಮ್ಮ ಕಾಗದದ ಸಾಲು ಪತ್ರಿಕೆಯ ಸಾಲಲ್ಲ. ಅವರ ಕಾಲಂನ ಅಗಲ ಬೇರೆ, ಕನ್ನಡದ ಉದ್ದ ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಇಡೀ ಪದ ಕೆಳಗೆ ಇಳಿಯುತ್ತದೆ. ಕೊನೆಗೆ ಒಂದೇ ಪದ ಉಳಿದರೂ ಪೂರ್ತಿ ಸಾಲಿನ ದುಡ್ಡು. ಹಾಗಾಗಿ ಸುಮ್ನೆ ಅಲ್ಲೊಂದು ಇಲ್ಲೊಂದು ಪದ ತೆಗೆದರೆ ಏನೂ ಉಳಿಯುವುದಿಲ್ಲ, ಒಂದು ಸಾಲು ಪೂರ್ತಿ ಇಳಿಯಬೇಕು. ಅಚ್ಚುಜೋಡಿಸಿದ ಪ್ರತಿಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಸಾಲು ಎಣಿಸಿ ಆಮೇಲೆ ಹಣ ಕೊಡಿ. ಅದರಲ್ಲಿರುವ ಫೋನ್ ನಂಬರನ್ನು ನೋಡಿ ಒಮ್ಮೆ ಡಯಲ್ ಮಾಡಿ. ನಿಮ್ಮ ಮನೆಯ ಫೋನೇ ಮೊಳಗಬೇಕು.